ಹಳೆಯದು ಮೊದಲು

ಜನರ ದುಡ್ಡು ಜನರಿಗೆ ಹಿಂದಿರುಗಿಸುವುದೇ ನನ್ನ ಕೆಲಸ ಎಂದರೆ ನಮ್ಮ ಅತ್ತೆ ನಾನು ಆ ಕೆಲಸ ಬಿಡುವವರೆಗೂ ನಂಬಲಿಲ್ಲ. "ದುಡ್ಡು ತೆಗೊಳ್ಲಿಕ್ಕೆ ಜನ ಇಡುದು ಗೊತ್ತುಂಟು. ಕೊಡ್ಲಿಕ್ಕೂ ಸಂಬಳ ಕೊಟ್ಟು ಜನ ಇಡ್ತಾರಾ?" ಎಂದು ಕೇಳುತ್ತಿದ್ದರು. ಇಡುತ್ತಾರೆ ಅತ್ತೆ, ಆರು ಜನರನ್ನು ಇಟ್ಟಿದ್ದಾರೆ ಎನ್ನುತ್ತಿದ್ದೆ. ಮನೆಯಲ್ಲಿ ನಾವು ತುಳು ಮಾತಾಡುವವರು. ಅವರು ತುಳುವಿನಲ್ಲಿ ಅದನ್ನು ಹೇಳುವಾಗ ಇನ್ನಷ್ಟು ನಗು ಬರುತ್ತಿತ್ತು.

ಮನೆ ಡೊಂಬಿವಿಲಿ ಪೂರ್ವದಲ್ಲಿ, ಕಚೇರಿ ರಬಾಳೆಯಲ್ಲಿ. ಬೆಳಿಗ್ಗೆ ಠಾಣೆಯವರೆಗೆ ಲೋಕಲ್‌ನಲ್ಲಿ ನಿಂತುಕೊಂಡು ಹೋಗಿ, ಅಲ್ಲಿ ಸೇತುವೆ ಹತ್ತಿ ಇಳಿದು, ನವಿ ಮುಂಬಯಿಯ ಗಾಡಿ ಹಿಡಿಯುತ್ತಿದ್ದೆ. ಆ ಎರಡನೆಯ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿದರೆ ಆ ದಿನ ಚೆನ್ನಾಗಿ ಹೋಗುತ್ತದೆ ಎಂದು ನನ್ನದೊಂದು ನಂಬಿಕೆ. ಗಂಡ ನೌಪಾಡಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವರು ನನಗಿಂತ ಮುಂಚೆ ಹೊರಟು ನನ್ನ ನಂತರ ಬರುತ್ತಿದ್ದರು.

ನಮ್ಮದು ಆನ್‌ಲೈನ್ ಅಂಗಡಿ. ಮಿಕ್ಸಿ, ಕುಕ್ಕರ್, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ, ಗೋಡೆಗೆ ಹಾಕುವ ಫ್ಯಾನು, ಹೀಗೆ ಮನೆಗೆ ಬೇಕಾದದ್ದೆಲ್ಲ. ಗಿರಾಕಿಗೆ ಸಾಮಾನು ಸರಿಬರದಿದ್ದರೆ ಕೊರಿಯರ್‌ನವನು ಹೋಗಿ ವಾಪಸ್ ತರುತ್ತಾನೆ. ಅದು ಭಿವಂಡಿಯ ಗೋಡೌನು ಮುಟ್ಟುತ್ತದೆ. ಅಲ್ಲಿ ಒಬ್ಬರು ಬಿಚ್ಚಿ ನೋಡಿ ಸರಿ ಎಂದು ಒತ್ತಿದ ಕೂಡಲೇ ಗಿರಾಕಿಯ ಹೆಸರು ನಮ್ಮ ಪಟ್ಟಿಗೆ ಬಂದು ಬೀಳುತ್ತದೆ. ಕಾರ್ಡಿನಲ್ಲೋ ಯುಪಿಐಯಲ್ಲೋ ಕಟ್ಟಿದವರದ್ದು ಸುಲಭ, ಎಲ್ಲಿಂದ ಬಂತೋ ಅಲ್ಲಿಗೇ ಕಳಿಸಿದರಾಯಿತು, ಎರಡು ಕ್ಲಿಕ್ಕು. ಮನೆಬಾಗಿಲಲ್ಲಿ ನಗದು ಕೊಟ್ಟವರದ್ದು ಕಷ್ಟ. ಅವರ ಬ್ಯಾಂಕ್ ಖಾತೆ ಕೇಳಬೇಕು, ಅದಕ್ಕೆ ಒಂದು ರೂಪಾಯಿ ಹಾಕಿ ಖಾತೆಯ ಹೆಸರೂ ಆರ್ಡರಿನ ಹೆಸರೂ ತಾಳೆಯಾಗುತ್ತದೆಯೇ ಎಂದು ನೋಡಬೇಕು, ತಾಳೆಯಾದರೆ ಮಾತ್ರ ಉಳಿದದ್ದು ಹೋಗುತ್ತದೆ.

ಪರದೆಯ ಮೇಲೆ ಬಾಕಿ ಇರುವ ರೀಫಂಡ್‌ಗಳನ್ನೆಲ್ಲ ವಯಸ್ಸಿನ ಪ್ರಕಾರ ವಿಂಗಡಿಸಿಟ್ಟಿದ್ದರು. ಬಕೆಟ್ ಎನ್ನುತ್ತಿದ್ದೆವು. ಒಂದು ವಾರದೊಳಗಿನವು ಹಸಿರು ಬಕೆಟ್, ಹದಿನೈದು ದಿನದೊಳಗಿನವು ಹಳದಿ, ತಿಂಗಳೊಳಗಿನವು ಕೇಸರಿ, ತಿಂಗಳು ದಾಟಿದವು ಕೆಂಪು. ವಾರದೊಳಗೆ ದುಡ್ಡು ಕೊಡುತ್ತೇವೆ ಎಂದು ಕಂಪನಿ ಮಾತು ಕೊಟ್ಟಿತ್ತು. ಆದ್ದರಿಂದ ಹಸಿರಿನಲ್ಲಿ ಎಷ್ಟು ಮುಗಿಯಿತು ಎಂಬುದರ ಮೇಲೆ ಕಂಪನಿಯ ದೊಡ್ಡವರ ಕಣ್ಣು.

ನಾನು ಸೇರಿದಾಗ ಯಾರು ಯಾವುದನ್ನು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಸಂಜೆಯ ಲೆಕ್ಕದಲ್ಲಿ ಎಷ್ಟು ಮುಗಿಸಿದೆ ಎಂಬುದಷ್ಟೇ ಮುಖ್ಯವಾದ್ದರಿಂದ ಎಲ್ಲರೂ ಎರಡು ಕ್ಲಿಕ್ಕಿನವನ್ನೇ ಹುಡುಕಿ ಮಾಡುತ್ತಿದ್ದರು. ನಗದಿನವು ಉಳಿಯುತ್ತಿದ್ದವು. ಅಂತರ್ಜಾಲದಲ್ಲಿ ಕಂಪನಿಯ ಹೆಸರು ಹಿಡಿದು ಬೈದವರದ್ದು ಮಾತ್ರ ಯಾವ ಬಕೆಟ್ಟಿನಲ್ಲಿದ್ದರೂ ಅರ್ಧ ಗಂಟೆಯಲ್ಲಿ ಆಗುತ್ತಿತ್ತು.

ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಮಂಗಳೂರು ಕಡೆಯ ಕುಟುಂಬ, ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವಳು. ನಮ್ಮ ಮೇಲಿನವರು, ಅಂದರೆ ತಂಡದ ಮುಖ್ಯಸ್ಥರು, ವಿಜಯಪುರದವರು, ಮಾಜಿವಾಡಾದಲ್ಲಿ ಮನೆ ಮಾಡಿಕೊಂಡಿದ್ದರು. ಊರು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಮಾತು ಮಾತ್ರ ಅಲ್ಲಿಯದೇ. ಹೀಗೆ ನಮ್ಮ ಮೂವರದ್ದೂ ಕನ್ನಡವೇ, ಆದರೆ ಒಬ್ಬರದು ಇನ್ನೊಬ್ಬರದರ ಹಾಗಿರಲಿಲ್ಲ.

ಒಂದು ಮಧ್ಯಾಹ್ನ, ಹೆಸರು ತಾಳೆಯಾಗದೆ ನಿಂತವರಿಗೆ ಫೋನ್ ಮಾಡುವ ಪಾಳಿ ನನ್ನದಾಗಿತ್ತು. ಶಹಾಡ್‌ನ ಒಂದು ನಂಬರಿಗೆ ಮಾಡಿದೆ. ಹಸಿರು ಬಕೆಟ್ಟಿನಲ್ಲಿದ್ದ ಕೇಸು, ಪರದೆಯ ಪ್ರಕಾರ ಎರಡು ದಿನದ್ದು. ನಾನು ಹಿಂದಿಯಲ್ಲಿ ಶುರುಮಾಡಿದೆ. ಆ ಕಡೆಯ ಹೆಂಗಸು ಫೋನನ್ನು ದೂರ ಹಿಡಿದು ಯಾರಿಗೋ, "ಪುನಃ ಮೆಷಿನ್ ಆಫೀಸಿನವ್ರು. ಇವತ್ತು ಎಂತ ಕೇಳ್ತಾರೋ," ಎಂದರು.

"ಅಮ್ಮಾ, ಕನ್ನಡದಲ್ಲೇ ಹೇಳಿ," ಎಂದೆ.

ಆ ಕಡೆ ಫೋನು ಮತ್ತೆ ಹತ್ತಿರ ಬಂದ ಸದ್ದು. ಆಮೇಲೆ, "ಅಯ್ಯೋ ದೇವರೇ, ಕನ್ನಡದವ್ರಾ! ಯಾವ ಊರು ಮಗಾ ನಿಮ್ದು?" ಎಂದರು.

ಉಡುಪಿ ಹತ್ತಿರ ಎಂದೆ. ಅವರದ್ದು ಕುಂದಾಪುರದ ಕಡೆ. ಗಂಡ ಶಹಾಡ್‌ನ ಒಂದು ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು, ಈಗ ಸಕ್ಕರೆ ಕಾಯಿಲೆಯಿಂದ ಒಂದು ಕಾಲಿನ ಬೆರಳುಗಳನ್ನು ಕಳೆದುಕೊಂಡು ಮನೆಯಲ್ಲಿದ್ದಾರೆ. ಇವರು ಬ್ಲೌಸು ಹೊಲಿಯುತ್ತಾರೆ, ಸೀರೆಗೆ ಫಾಲ್ ಹಚ್ಚುತ್ತಾರೆ. ಹಳೆಯ ಕಾಲುಮೆಷಿನ್ ತುಳಿದು ಮೊಣಕಾಲು ಹೋಯಿತೆಂದು ಅದನ್ನು ಮಾರಿ, ಮೋಟಾರಿನ ಯಂತ್ರ ನಮ್ಮಲ್ಲಿಂದ ನಗದು ಕೊಟ್ಟು ತರಿಸಿದ್ದರು. ಬಂದದ್ದರ ಒಳಗಿನ ಕಂಬಿ ಬಾಗಿತ್ತು, ಸೂಜಿ ಕೆಳಗೆ ಇಳಿಯುತ್ತಲೇ ಇರಲಿಲ್ಲ. ವಾಪಸ್ ಕೊಟ್ಟರು.

"ಎಷ್ಟು ದಿನ ಆಯ್ತಮ್ಮಾ ವಾಪಸ್ ಕೊಟ್ಟು?"

"ಗಣಪತಿ ಹಬ್ಬಕ್ಕೆ ಮೊದ್ಲು ಕೊಟ್ಟದ್ದು. ಈಗ ದೀಪಾವಳಿಯೂ ಕಳೀತಲ್ಲ. ವಾರ ವಾರ ಫೋನ್ ಮಾಡ್ತೇನೆ ನಾನು. ಖಾತೆ ಕೇಳ್ತಾರೆ, ಕೊಡ್ತೇನೆ. ಒಂದು ರೂಪಾಯಿ ಬರ್ತದೆ. ಮೂರು ಸಲ ಬಂತು ಮಗಾ, ಒಂದೊಂದೇ ರೂಪಾಯಿ. ಹೀಗೇ ಒಂದೊಂದೇ ಕೊಟ್ಟು ತೀರಿಸ್ತಾರಾ ಅಂತ ಇವ್ರು ಕೇಳ್ತಾರೆ."

ತೊಂದರೆ ಏನೆಂದು ನೋಡಿದರೆ ಹೆಸರಿನದ್ದೇ. ಆರ್ಡರಿನಲ್ಲಿ ಅವರು ತಮ್ಮ ಹೆಸರನ್ನು ಎರಡೇ ಪದದಲ್ಲಿ ಬರೆದಿದ್ದರು. ಬ್ಯಾಂಕಿನಲ್ಲಿ ಇಲ್ಲಿನ ಪದ್ಧತಿಯಂತೆ ನಡುವೆ ಗಂಡನ ಹೆಸರೂ ಕೊನೆಗೆ ಮನೆತನದ ಹೆಸರೂ ಸೇರಿ ಉದ್ದವಾಗಿತ್ತು. ನಮ್ಮ ಕಂಪ್ಯೂಟರ್ ಯಂತ್ರ ಅದನ್ನು ಬೇರೆಯವರೆಂದು ತಿಳಿದು ತಳ್ಳಿಬಿಡುತ್ತಿತ್ತು. ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸಿದರೆ ನಾವು ಕೈಯಾರೆ ಒಪ್ಪಬಹುದಿತ್ತು. ಅಷ್ಟನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಫೋಟೋ ಕಳಿಸಲು ಹೇಳಿ ಫೋನ್ ಇಟ್ಟೆ. ಆದರೆ ನನ್ನ ತಲೆಯಲ್ಲಿ ಬೇರೆಯೇ ಒಂದು ಮಾತು ಸುತ್ತುತ್ತಿತ್ತು. ಗಣಪತಿ ಹಬ್ಬಕ್ಕೆ ಮುಂಚಿನ ಕೇಸು ಎರಡು ದಿನದ್ದು ಹೇಗಾಯಿತು?

ಪಕ್ಕದ ಹುಡುಗಿಯನ್ನು ಕರೆದು ತೋರಿಸಿದೆ. ಇಬ್ಬರೂ ಕೂತು ಅದರ ಹಿಂದಿನದ್ದನ್ನೆಲ್ಲ ತೆರೆದು ನೋಡಿದೆವು. ವಯಸ್ಸನ್ನು ಯಂತ್ರ ಎಣಿಸುತ್ತಿದ್ದದ್ದು ಸಾಮಾನು ಗೋಡೌನಿಗೆ ಬಂದ ದಿನದಿಂದಲ್ಲ, ಕೇಸನ್ನು ಕೊನೆಯ ಸಲ ಯಾರಾದರೂ ಮುಟ್ಟಿದ ದಿನದಿಂದ. ಗಿರಾಕಿ ಫೋನ್ ಮಾಡಿದರೆ ಅದೂ ಮುಟ್ಟಿದ ಹಾಗೆಯೇ. ಒಂದು ರೂಪಾಯಿ ಹೋಗಿ ಹೆಸರು ತಾಳೆಯಾಗದಿದ್ದರೂ ಹಾಗೆಯೇ. ಆ ಅಮ್ಮ ವಾರಕ್ಕೊಮ್ಮೆ ಫೋನ್ ಮಾಡಿ ಮಾಡಿ, ಪ್ರತಿ ಸಲವೂ ತಾವೇ ಸಾಲಿನ ಬಾಲಕ್ಕೆ ಹೋಗಿ ನಿಂತಿದ್ದರು. ತೆಪ್ಪಗೆ ಕೂತಿದ್ದರೆ ಕೆಂಪಿಗಾದರೂ ಬರುತ್ತಿದ್ದರು.

"ಅಕ್ಕಾ, ಏ ತೋ ಉಲ್ಟಾ ಹೈ," ಎಂದಳು ಹುಡುಗಿ. "ಜೋ ಪೂಛ್ತಾ ಹೈ, ವಹೀ ಪೀಛೇ ಜಾತಾ ಹೈ." ಕೇಳಿದವರೇ ಹಿಂದೆ ಹೋಗುತ್ತಾರೆ, ಸರಿಯಾಗಿಯೇ ಹೇಳಿದ್ದಳು.

ಮೇಲಿನವರ ಹತ್ತಿರ ಹೋದೆ. ಅವರು ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರ ಈ ಹಸಿರೆಲ್ಲಾ ಸುಳ್ಳೇನ್ರಿ?"

"ಎಲ್ಲ ಅಲ್ಲ ಸರ್. ಎಷ್ಟು ಅಂತ ಗೊತ್ತಿಲ್ಲ."

"ಗೊತ್ತು ಮಾಡ್ಕೊಳ್ಳೋದು ಚಲೋನೋ, ಮಾಡ್ಕೊಳ್ಳದಿರೋದು ಚಲೋನೋ, ಅದ ತಿಳೀವಲ್ದು," ಎಂದರು. ಆದರೂ ಅವರು ಒಳ್ಳೆಯವರು. ಮರುದಿನವೇ ತಾಂತ್ರಿಕ ವಿಭಾಗದವರಿಗೆ ಹೇಳಿ, ವಯಸ್ಸನ್ನು ಗೋಡೌನಿಗೆ ಸಾಮಾನು ಬಂದ ದಿನದಿಂದ ಎಣಿಸುವಂತೆ ಮಾಡಿಸಿದರು. ಯಾರು ಎಷ್ಟು ಸಲ ಮುಟ್ಟಿದರೂ ಆ ತಾರೀಖು ಬದಲಾಗಬಾರದು ಎಂದರು.

ಅದು ಬದಲಾದ ಬೆಳಿಗ್ಗೆ ಪರದೆ ತೆರೆದಾಗ ಕೆಂಪು ಬಕೆಟ್ಟು ತುಂಬಿ ತುಳುಕುತ್ತಿತ್ತು. ಹೊಸ ಕೇಸು ಒಂದೂ ಬಂದಿರಲಿಲ್ಲ. ಇದ್ದ ಜನರೇ, ಇದ್ದ ಜಾಗದಲ್ಲೇ, ತಮ್ಮ ನಿಜವಾದ ವಯಸ್ಸಿಗೆ ಬಂದಿದ್ದರು, ಅಷ್ಟೆ. ಆದರೆ ನಮ್ಮ ಮೇಲಿನವರ ಮೇಲಿನವರಿಗೆ ಅದು ಹಾಗೆ ಕಾಣಲಿಲ್ಲ. ಒಂದೇ ದಿನದಲ್ಲಿ ಇಷ್ಟು ಕೆಡಲು ನೀವೇನು ಮಾಡಿದಿರಿ ಎಂದು ಫೋನಿನಲ್ಲಿ ಕೇಳಿದ್ದು ಗಾಜಿನ ಕೋಣೆಯ ಹೊರಗಿದ್ದ ನಮಗೂ ಕೇಳಿಸಿತು.

ಆಮೇಲೆ ಬಂದ ಆಜ್ಞೆ ಇದು: ಕೆಂಪನ್ನು ಬಿಡಿ, ಹಸಿರನ್ನು ಮಾಡಿ. ಅದರ ತರ್ಕ ಕೇಳಲು ಸರಿಯಾಗಿಯೇ ಇತ್ತು. ವಾರ ದಾಟಿದ್ದಕ್ಕೆ ಮಾತು ತಪ್ಪಿಯಾಗಿದೆ, ಅದನ್ನು ಇವತ್ತು ಕೊಟ್ಟರೂ ಮುಂದಿನ ತಿಂಗಳು ಕೊಟ್ಟರೂ ವರದಿಯಲ್ಲಿ ತಪ್ಪೇ. ವಾರದೊಳಗಿನದ್ದನ್ನು ಕೊಟ್ಟರೆ ಮಾತ್ರ ಲೆಕ್ಕ ಸುಧಾರಿಸುತ್ತದೆ. ಅಂದರೆ ಒಮ್ಮೆ ತಡವಾದವರು ಇನ್ನೆಷ್ಟು ತಡವಾದರೂ ಯಾರಿಗೂ ನಷ್ಟವಿಲ್ಲ, ಅವರಿಗೊಬ್ಬರಿಗೆ ಬಿಟ್ಟು.

ನಾನು ಜಗಳಗಂಟಿಯಲ್ಲ. ಆ ದಿನ ಮಾತ್ರ ಸುಮ್ಮನಿರಲಾಗಲಿಲ್ಲ. "ಸರ್, ಹಾಗೆ ಮಾಡಿದ್ರೆ ಕೆಂಪಿಗೆ ಬಿದ್ದವರು ಅಲ್ಲೇ ಇರ್ತಾರೆ. ಅವ್ರು ಯಾವತ್ತೂ ಹೊರಗೆ ಬರೂದಿಲ್ಲ," ಎಂದೆ.

"ಬರೇ ಕೆಂಪ ಮಾಡ್ಕೋತ ಕುಂತ್ರ, ಇವತ್ತಿನ ಹಸಿರು ನಾಳೆ ಕೆಂಪಾಗ್ತದಲ್ರೀ?" ಎಂದರು ಅವರು. ಅದೂ ನಿಜವೇ ಆಗಿತ್ತು.

ಕೊನೆಗೆ ನಾವು ಒಂದು ಕ್ರಮ ಮಾಡಿಕೊಂಡೆವು. ದಿನದ ಕೆಲಸದ ದೊಡ್ಡ ಪಾಲು ಕೆಂಪಿಗೆ, ಅದರಲ್ಲೂ ಅತಿ ಹಳೆಯದು ಮೊದಲು. ಉಳಿದ ಪಾಲು ವಾರ ದಾಟಲಿಕ್ಕೆ ಬಂದವುಗಳಿಗೆ, ಹೊಸಬರು ಹಳಬರಾಗದ ಹಾಗೆ. ಯಾರೂ ಆರಿಸಿಕೊಳ್ಳುವಂತಿಲ್ಲ, ಯಂತ್ರ ಒಂದೊಂದಾಗಿ ಕೊಟ್ಟದ್ದನ್ನೇ ಮಾಡಬೇಕು, ಎರಡು ಕ್ಲಿಕ್ಕಿನದಾಗಲಿ ಎರಡು ಗಂಟೆಯದಾಗಲಿ. ಗಿರಾಕಿಯಿಂದ ಏನಾದರೂ ಬರಬೇಕಾಗಿದ್ದರೆ ಆ ಕೇಸು ಪಕ್ಕಕ್ಕೆ ಹೋಗುತ್ತದೆ, ಆದರೆ ಉತ್ತರ ಬಂದ ಕೂಡಲೇ ತನ್ನ ಹಳೆಯ ಜಾಗಕ್ಕೇ ಮರಳುತ್ತದೆ, ಬಾಲಕ್ಕಲ್ಲ. ಸಾಲು ಮುರಿಯಬೇಕಾದರೆ ಕಾರಣ ಬರೆದು ಇಬ್ಬರು ಒಪ್ಪಬೇಕು. ಮೇಲಿನವರು ಇದನ್ನು ತಮ್ಮ ಹೊಣೆಯ ಮೇಲೆ ನಡೆಸಿದರು. ಮೇಲಕ್ಕೆ ಏನು ಹೇಳಿದರೋ ನನಗೆ ತಿಳಿಯದು.

ಕೆಲವು ವಾರ ಬಹಳ ಚೆನ್ನಾಗಿ ನಡೆಯಿತು. ಇಷ್ಟು ವರ್ಷದ ನೌಕರಿಯಲ್ಲಿ ಮನೆಗೆ ಹೋಗುವಾಗ ಮನಸ್ಸು ಹಗುರಾಗಿದ್ದ ದಿನಗಳು ಅವೇ. ಪನ್ವೇಲ್‌ನ ಒಬ್ಬ ಮುದುಕರು ದುಡ್ಡು ಬಂತೆಂದು ಹೇಳಲಿಕ್ಕೆಂದೇ ಫೋನ್ ಮಾಡಿದರು. ನಮ್ಮ ಟೇಬಲ್ಲಿಗೆ ಅಂಥ ಫೋನ್ ಬರುವುದೇ ಇಲ್ಲ. ಹುಡುಗಿ ಅದನ್ನು ಸ್ಪೀಕರಿನಲ್ಲಿ ಹಾಕಿ ಎಲ್ಲರಿಗೂ ಕೇಳಿಸಿದಳು.

ಶಹಾಡ್‌ನ ಅಮ್ಮನ ಪಾಸ್‌ಬುಕ್ಕಿನ ಫೋಟೋ ಬಂದಿತ್ತು, ಹೆಸರು ಒಪ್ಪಿಗೆಯಾಗಿತ್ತು, ಕೇಸು ತನ್ನ ನಿಜವಾದ ಜಾಗದಲ್ಲಿ ನಿಂತಿತ್ತು. ಅವರ ಮುಂದೆ ಇನ್ನೂ ತುಂಬ ಜನ. ಬೇಸಿಗೆಯಿಂದ ಕಾದವರೂ ಇದ್ದರು.

ಅಷ್ಟರಲ್ಲಿ ದುಡ್ಡಿನ ಅಡಚಣೆ ಶುರುವಾಯಿತು. ಪ್ರತಿದಿನ ಬೆಳಿಗ್ಗೆ ಹಣಕಾಸಿನವರು ರೀಫಂಡ್ ಖಾತೆಗೆ ಇಂತಿಷ್ಟು ಎಂದು ಹಾಕುತ್ತಿದ್ದರು. ಅದು ಮುಗಿದರೆ ಆ ದಿನದ ಕೆಲಸ ಮುಗಿದ ಹಾಗೆ. ಮೊದಲು ಅದು ಸಂಜೆಯವರೆಗೆ ಬರುತ್ತಿತ್ತು, ಆಮೇಲೆ ಊಟದ ಹೊತ್ತಿಗೇ ಮುಗಿಯತೊಡಗಿತು. ಅರ್ಧ ದಿನ ನಾವು ಬರೀ ಫೋನ್ ಎತ್ತುತ್ತಾ ಕೂರುತ್ತಿದ್ದೆವು. ನಮ್ಮ ಕೈ ಚುರುಕಾಗಿ ಏನೂ ಉಪಯೋಗವಿರಲಿಲ್ಲ.

ಅಂಥ ಒಂದು ದಿನ ಕೆಳಗಿನ ಗೇಟಿನಿಂದ ವಾಚ್‌ಮನ್ ಫೋನ್ ಮಾಡಿದ. ಒಬ್ಬ ಹೆಂಗಸು ಬಂದಿದ್ದಾರೆ, ನಿಮ್ಮನ್ನೇ ಕೇಳುತ್ತಿದ್ದಾರೆ ಎಂದ. ಹೆಸರು ಗೊತ್ತಿಲ್ಲದೆ "ಕನ್ನಡ ಮಾತಾಡುವ ಮೇಡಂ" ಎಂದು ಕೇಳಿದ್ದರಂತೆ.

ಇಳಿದು ಹೋದೆ. ನಾನು ಊಹಿಸಿದ್ದಕ್ಕಿಂತ ಕುಳ್ಳಗಿದ್ದರು. ಕೈಯಲ್ಲಿ ಪೆಟ್ಟಿಗೆಯ ಮೇಲಿನ ಲೇಬಲ್ಲನ್ನು ಕತ್ತರಿಸಿ ಹಿಡಿದುಕೊಂಡಿದ್ದರು. ಅದರಲ್ಲಿದ್ದ ವಿಳಾಸ ಹಿಡಿದು ಮೊದಲು ಭಿವಂಡಿಯ ಗೋಡೌನಿಗೆ ಹೋಗಿದ್ದಾರೆ, ಅಲ್ಲಿಯವರು ಇಲ್ಲಿಗೆ ಕಳಿಸಿದ್ದಾರೆ. ಮೊಣಕಾಲು ನೋವಿಟ್ಟುಕೊಂಡು ಠಾಣೆಯ ಸೇತುವೆ ಹತ್ತಿ ಇಳಿದು ಬಂದಿದ್ದರು. ಹೊರಗಿನವರನ್ನು ಮೇಲೆ ಬಿಡುತ್ತಿರಲಿಲ್ಲ. ರಸ್ತೆಯಾಚೆಯ ಚಹಾದ ಗಾಡಿಯ ಬೆಂಚಿನ ಮೇಲೆ ಕೂರಿಸಿದೆ.

"ಜೋರು ಮಾಡ್ಲಿಕ್ಕೆ ಬಂದದ್ದಲ್ಲ ಮಗಾ," ಎಂದರು ಮೊದಲಿಗೇ. "ಮದುವೆ ಸೀಜನ್ ಶುರುವಾಯ್ತು. ನನ್ನ ಗಿರಾಕಿಗಳೆಲ್ಲ ಬೇರೆಯವ್ರ ಹತ್ರ ಹೋಗ್ತಾ ಇದ್ದಾರೆ. ಒಮ್ಮೆ ಹೋದವ್ರು ಪುನಃ ಬರ್ತಾರಾ? ಮೆಷಿನ್ ತಗೊಳ್ಲಿಕ್ಕೆ ಬೇರೆ ದುಡ್ಡಿಲ್ಲ. ಇವ್ರ ಮದ್ದಿಗೇ ಆಗ್ತದೆ ಎಲ್ಲ."

ಅವರ ಜಾಗ ಎಲ್ಲಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಂದಿರುವವರೆಲ್ಲ ನಿಮಗಿಂತ ಮೊದಲಿನವರು ಎಂದೆ.

"ಅವ್ರೆಲ್ಲ ಬೈದ್ರೂ ಬೈದಾರು, ನಂಗೆ ನಾಚಿಕೆ ಇಲ್ಲ, ಕೇಳ್ತೇನೆ. ನೀವು ನಮ್ಮವ್ರೇ ಅಲ್ವಾ? ನಂದೊಂದು ಸ್ವಲ್ಪ ಮೇಲೆ ಮಾಡ್ಲಿಕ್ಕೆ ಆಗೂದಿಲ್ವಾ?"

ಆಗುತ್ತಿತ್ತು, ಅದೇ ಕಷ್ಟ. ಕಾರಣ ಬರೆದು ಇಬ್ಬರು ಒಪ್ಪಿದರೆ ಆಗುತ್ತಿತ್ತು. "ಕೇಳಿ ನೋಡ್ತೇನಮ್ಮಾ, ಮಾತು ಕೊಡೂದಿಲ್ಲ," ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದವು. ಚಹಾದ ದುಡ್ಡನ್ನು ನನಗೆ ಕೊಡಲು ಬಿಡಲಿಲ್ಲ.

ಮೇಲೆ ಬಂದು ಮೇಲಿನವರಿಗೆ ಹೇಳಿದೆ. ಇದು ಅವರ ದುಡಿಮೆಯ ಸಾಮಾನು, ಇಂಥದ್ದಕ್ಕೆ ಸಾಲು ಮುರಿಯಬಾರದೇ ಎಂದೆ. ಅವರು ತಳ್ಳಿಹಾಕಲಿಲ್ಲ. "ಬರ್ರಿ, ನೋಡೂಣು," ಎಂದು ನನ್ನನ್ನೂ ಹುಡುಗಿಯನ್ನೂ ಕೂರಿಸಿಕೊಂಡು, ಆ ಅಮ್ಮನ ಮುಂದಿದ್ದವರ ಪಟ್ಟಿ ತೆಗೆದರು.

ಹೊಲಿಗೆ ಯಂತ್ರಗಳೇ ಎಷ್ಟೋ ಇದ್ದವು. ದೋಸೆಹಿಟ್ಟಿನ ದೊಡ್ಡ ಗ್ರೈಂಡರುಗಳಿದ್ದವು, ಅವನ್ನು ಮನೆಬಳಕೆಗೆ ಯಾರು ತರಿಸುತ್ತಾರೆ? ಉಲ್ಲಾಸನಗರದ ಒಬ್ಬರು ಡಜನ್‌ಗಟ್ಟಲೆ ಇಸ್ತ್ರಿಪೆಟ್ಟಿಗೆ ವಾಪಸ್ ಕೊಟ್ಟಿದ್ದರು, ಅಂಗಡಿಯವರೇ ಇರಬೇಕು. ಉಳಿದವರ ವಿಷಯ ಸಾಮಾನಿನಿಂದ ತಿಳಿಯುವಂತಿರಲಿಲ್ಲ. ಒಂದು ಮಾಮೂಲಿ ಕುಕ್ಕರಿನ ಹಿಂದೆ ಯಾವ ಮನೆಯ ಎಂಥ ಕಷ್ಟವಿದೆಯೋ.

"ಇವ್ರ ಪೈಕಿ ಯಾರರೇ ಕನ್ನಡ ಮಾತಾಡಿದ್ರ, ಅವ್ರದ್ದೂ ಕತಿ ನಿಮಗ ಗೊತ್ತಾಗ್ತಿತ್ತು," ಎಂದರು ಮೇಲಿನವರು. ನನ್ನನ್ನು ಚುಚ್ಚಲು ಹೇಳಿದ್ದಲ್ಲ, ತಮ್ಮಷ್ಟಕ್ಕೇ ಹೇಳಿಕೊಂಡ ಹಾಗಿತ್ತು. "ನಾ ಸಹಿ ಮಾಡ್ತೀನಿ, ನೀವು ಬರೀರಿ. ಆದ್ರ ಏನಂತ ಬರೀತೀರಿ, ಅದನ್ನ ಹೇಳ್ರಿ."

ನಾನು ಬರೆಯಲಿಲ್ಲ. ಬರೆಯಲು ಕೂತೆ, ಪರದೆಯಲ್ಲಿ ಕಾರಣ ಬರೆಯುವ ಚೌಕ ತೆರೆದೆ, ಒಂದು ಸಾಲು ಟೈಪ್ ಮಾಡಿದೆ, ಅಳಿಸಿದೆ. ಬೇಸಿಗೆಯಿಂದ ಕಾದ ಗ್ರೈಂಡರಿನವರ ಹೆಸರು ಪರದೆಯ ಮೇಲೆ ಹಾಗೇ ಇತ್ತು. ಅವರು ಒಮ್ಮೆಯೂ ಫೋನ್ ಮಾಡಿರಲಿಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಊಟ ಮಾಡುತ್ತಾ, "ಒಬ್ರದ್ದು ಮಾಡಿದ್ರೆ ಯಾರಿಗೆ ಗೊತ್ತಾಗ್ತದೆ?" ಎಂದರು.

"ಯಾರಿಗೂ ಗೊತ್ತಾಗೂದಿಲ್ಲ."

"ಮತ್ತೆಂತ?"

ಅತ್ತೆ ಅವರ ತಟ್ಟೆಗೆ ಸಾರು ಬಡಿಸಿದರು, ಮಾತು ಅಲ್ಲಿಗೇ ನಿಂತಿತು.

ದಿನಗಳು ಹೋದವು. ಸಾಲು ಸರಿಯುತ್ತಿತ್ತು, ಆದರೆ ನಿಧಾನ. ನಾನು ಬೆಳಿಗ್ಗೆ ಬಂದ ಕೂಡಲೇ ಅಮ್ಮನ ಜಾಗ ಎಲ್ಲಿಗೆ ಬಂತೆಂದು ನೋಡುತ್ತಿದ್ದೆ. ಗ್ರೈಂಡರಿನವರಿಗೆ ಹೋಯಿತು. ಇಸ್ತ್ರಿಪೆಟ್ಟಿಗೆಯವರಿಗೆ ಹೋಯಿತು. ಅಮ್ಮ ಫೋನ್ ಮಾಡಿದಾಗ, "ಹತ್ತಿರ ಬಂತಮ್ಮಾ, ಇನ್ನೊಂದು ವಾರ ನೋಡಿ," ಎಂದೆ. ಆ ಮಾತು ಹೇಳುವಾಗ ಅದು ನಿಜವೆಂದೇ ನಂಬಿದ್ದೆ.

ಆ ವಾರದ ನಡುವೆ ಒಂದು ಬೆಳಿಗ್ಗೆ ರೀಫಂಡ್ ಖಾತೆಗೆ ಏನೂ ಬರಲಿಲ್ಲ. ಹಣಕಾಸಿನವರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮಧ್ಯಾಹ್ನವೂ ಬರಲಿಲ್ಲ, ಮರುದಿನವೂ ಇಲ್ಲ. ನಾವು ಪ್ರತಿಯೊಬ್ಬರಿಗೂ "ತಾಂತ್ರಿಕ ಕಾರಣ" ಎನ್ನಬೇಕೆಂದು ಹೇಳಿದರು. ಮೂರನೆಯ ದಿನ ಹುಡುಗಿ ಹಾಗೆ ಹೇಳುತ್ತಾ ಹೇಳುತ್ತಾ ಹೆಡ್‌ಫೋನ್ ತೆಗೆದಿಟ್ಟು ಬಾತ್‌ರೂಮಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಮುಖ ತೊಳೆದುಕೊಂಡು ಸುಮ್ಮನೆ ನಿಂತಿದ್ದಳು. ಅಲ್ಲಿಯವರೆಗೆ ನನ್ನ ಹತ್ತಿರ ಕನ್ನಡ ಆಡದವಳು, "ಅಕ್ಕಾ, ನಂಗೆ ಆಗೂದಿಲ್ಲ," ಎಂದಳು. ಅವಳ ಅಮ್ಮ ಮನೆಯಲ್ಲಿ ಹೇಳುವ ಹಾಗೆಯೇ ಇರಬೇಕು ಅದು.

ಕಂಪನಿ ದಿವಾಳಿಯ ಅರ್ಜಿ ಹಾಕಿದೆ ಎಂದು ಕೊನೆಗೆ ಮೇಲಿನವರೇ ಎಲ್ಲರನ್ನೂ ಕೂರಿಸಿ ಹೇಳಿದರು. ಇನ್ನು ಎಲ್ಲವೂ ನ್ಯಾಯಮಂಡಳಿ ನೇಮಿಸಿದವರ ಕೈಯಲ್ಲಿ, ನಾವು ಒಂದು ಪೈಸೆಯನ್ನೂ ಯಾರಿಗೂ ಕಳಿಸುವಂತಿಲ್ಲ. ಗಿರಾಕಿಗಳು ತಮಗೆ ಬರಬೇಕಾದದ್ದಕ್ಕೆ ಅರ್ಜಿ ಹಾಕಬೇಕು. "ನೀವು ಚಲೋ ಕೆಲಸಾ ಮಾಡೀರಿ," ಎಂದರು. ಇನ್ನೇನೋ ಹೇಳಲು ಹೊರಟು, ನೀರು ಕುಡಿದು, ಕೋಣೆಗೆ ಹೋದರು. ನಮಗೆ ಆ ತಿಂಗಳ ಸಂಬಳವೂ ಬರಲಿಲ್ಲ.

ಆ ಹೊತ್ತಿಗೆ ಅಮ್ಮನ ಮುಂದೆ ಒಂದು ದಿನದ ಕೆಲಸದಷ್ಟೂ ಜನ ಉಳಿದಿರಲಿಲ್ಲ. ಖಾತೆಗೆ ಇನ್ನೊಂದೇ ಬೆಳಿಗ್ಗೆ ದುಡ್ಡು ಬಿದ್ದಿದ್ದರೆ ಸಾಕಿತ್ತು. ಇದನ್ನು ಅವರಿಗೆ ನಾನು ಹೇಳಿಲ್ಲ.

ಅರ್ಜಿಯ ನಮೂನೆ ಇಂಗ್ಲಿಷಿನಲ್ಲಿತ್ತು, ಪುಟಗಟ್ಟಲೆ. ಒಂದು ಭಾನುವಾರ ಶಹಾಡ್‌ಗೆ ಹೋದೆ. ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಸ್ವಲ್ಪ ದೂರ, ಹಳೆಯ ಚಾಳಿನ ಮೊದಲ ಮಹಡಿ. ಗಂಡ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಲ್ಲಲು ಹೊರಟರು. ಬೇಡವೆಂದು ಕೂರಿಸುವಷ್ಟರಲ್ಲಿ ಸಾಕಾಯಿತು. ಕಿಟಕಿಯ ಹತ್ತಿರ ಮೆಷಿನ್ನಿಗೆಂದು ಮಾಡಿಸಿದ ಮೇಜು ಇತ್ತು. ಅದರ ಮೇಲೆ ಬೇರೆ ಬೇರೆ ಬಣ್ಣದ ಸೀರೆಗಳು. ಅಮ್ಮ ಈಗ ಫಾಲ್ ಮಾತ್ರ ಹಚ್ಚುತ್ತಿದ್ದರು, ಕೈಸೂಜಿಯಲ್ಲಿ. ಬ್ಲೌಸಿನ ಗಿರಾಕಿಗಳು ಹೋಗಿಯಾಗಿತ್ತು.

ಅರ್ಜಿ ತುಂಬಿದೆ. ಆರ್ಡರಿನ ರಸೀದಿ, ವಾಪಸಾತಿಯ ಮೆಸೇಜು, ಪಾಸ್‌ಬುಕ್ಕಿನ ಪುಟ, ಎಲ್ಲ ಜೋಡಿಸಿ ನನ್ನ ಫೋನಿನಿಂದಲೇ ಕಳಿಸಿದೆ. ಸ್ವೀಕರಿಸಿದ್ದೇವೆ ಎಂಬ ಮೆಸೇಜು ಕೂಡಲೇ ಬಂತು.

"ಹಾಗಾದ್ರೆ ನಾವು ಮೊದ್ಲಿನವ್ರಲ್ಲಿ ಉಂಟಾ?" ಎಂದು ಅವರ ಗಂಡ ಕೇಳಿದರು. "ಗಣಪತಿ ಹಬ್ಬಕ್ಕೆ ಮೊದ್ಲಿಂದು ಅಲ್ವಾ ನಮ್ದು?"

ಅಲ್ಲಿ ಹಾಗಿಲ್ಲ ಎಂದೆ. ಅಲ್ಲಿ ಹಳೆಯದು ಹೊಸದು ಎಂಬುದಿಲ್ಲ. ಕಂಪನಿಯ ಆಸ್ತಿ ಅಡವು ಇಟ್ಟುಕೊಂಡ ಬ್ಯಾಂಕಿನವರು ಗಿರಾಕಿಗಳಿಗಿಂತ ಬಹಳ ಮುಂದೆ. ಅವರೆಲ್ಲರದ್ದೂ ಆಗಿ ಏನಾದರೂ ಉಳಿದರೆ, ಕಳೆದ ವಾರ ಕೇಳಿದವರಿಗೂ ಕಳೆದ ವರ್ಷ ಕೇಳಿದವರಿಗೂ ರೂಪಾಯಿಗೆ ಇಷ್ಟೆಂದು ಒಂದೇ ಪ್ರಮಾಣದಲ್ಲಿ ಹಂಚುತ್ತಾರೆ. ಏನೂ ಉಳಿಯದೆಯೂ ಇರಬಹುದು.

ಅವರು ತಲೆಯಾಡಿಸಿದರು. ಅರ್ಥವಾಯಿತೋ, ಸಾಕೆನಿಸಿತೋ.

"ಒಂದು ಕೇಳ್ತೇನೆ ಮಗಾ," ಎಂದರು ಅಮ್ಮ. "ಆವತ್ತು ನೀವು ನಂದು ಮೇಲೆ ಹಾಕ್ಲಿಲ್ಲ ಅಲ್ವಾ?"

"ಇಲ್ಲಮ್ಮಾ."

ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಒಂದು ಸಲ ತಪ್ಪಿತು, ತುದಿಯನ್ನು ನಾಲಿಗೆಗೆ ಮುಟ್ಟಿಸಿ ಪುನಃ ಪೋಣಿಸಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ನಂಗೆ ಬದ್ಲು ಯಾರಿಗೆ ಸಿಕ್ಕಿತು?" ಎಂದು ಕೇಳಿದರು.

ದೋಸೆಹಿಟ್ಟಿನ ಗ್ರೈಂಡರ್ ವಾಪಸ್ ಕೊಟ್ಟವರೊಬ್ಬರಿಗೆ ಎಂದೆ. ಇನ್ನೂ ಕೆಲವರಿಗೆ.

"ಹಿಟ್ಟು ಮಾರುವವ್ರಾ?"

"ಇರ್ಬಹುದಮ್ಮಾ. ನಂಗೆ ಗೊತ್ತಿಲ್ಲ."

"ಮಾರುವವ್ರೇ ಇರ್ಬೇಕು," ಎಂದರು, ಯಾವ ಭಾವವೂ ಇಲ್ಲದೆ. ಸೀರೆಯ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಯತೊಡಗಿದರು. ಆಮೇಲೆ ಎದ್ದು ಒಳಗಿನಿಂದ ಬಟ್ಟಲಲ್ಲಿ ಅವಲಕ್ಕಿ ತಂದುಕೊಟ್ಟರು, ಪುನಃ ಕೂತು ಹೊಲಿದರು. ನಾನು ಅವಲಕ್ಕಿ ತಿಂದು ಬಟ್ಟಲು ತೊಳೆದಿಡಲು ಹೋದೆ, ಬಿಡಲಿಲ್ಲ.

ಈಗ ನಾನು ಡೊಂಬಿವಿಲಿಯಲ್ಲೇ ಒಂದು ಶಾಲೆಯ ಕಚೇರಿಯಲ್ಲಿದ್ದೇನೆ. ಹುಡುಗಿಗೆ ಐರೋಲಿಯಲ್ಲಿ ಕೆಲಸ ಸಿಕ್ಕಿದೆ. ಮೇಲಿನವರು ಮಾಜಿವಾಡಾದ ಮನೆ ಬಿಟ್ಟು ಊರಿಗೆ ಹೋದರೆಂದು ಕೇಳಿದೆ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಅಮ್ಮ ಆಗಾಗ ಫೋನ್ ಮಾಡುತ್ತಾರೆ, ದುಡ್ಡಿನ ವಿಷಯ ಎತ್ತುವುದಿಲ್ಲ. ಗಂಡನ ಕಾಲಿನ ಬಗ್ಗೆ, ನೀರು ಬಾರದ್ದರ ಬಗ್ಗೆ, ನನ್ನ ಅತ್ತೆಯ ಆರೋಗ್ಯದ ಬಗ್ಗೆ ಮಾತಾಡುತ್ತಾರೆ. ನಾನೂ ಎತ್ತುವುದಿಲ್ಲ. ಆಮೇಲೆ ಅವರೇ, "ಆಯ್ತು ಮಗಾ, ಇಡ್ತೇನೆ," ಎನ್ನುತ್ತಾರೆ.